ಮೂರು ಕಡೆ ಬಾಡಿಗೆ, ಒಂದೇ ಲೆಕ್ಕದ ಹಾಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಒಂದು ಮನೆ, ಒಂದು ಫ್ಲಾಟ್, ಶಿರಸಿಯಲ್ಲಿ ಒಂದು ಅಂಗಡಿ. ಇಷ್ಟೇ ಇದ್ದರೂ ವರ್ಷದ ಕೊನೆಗೆ ಯಾವುದರಿಂದ ಎಷ್ಟು ಬಂತು, ಯಾವುದು ಎಷ್ಟು ತಿಂದಿತು ಎಂದು ಹೇಳುವುದು ಕಷ್ಟವಾಗುತ್ತದೆ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ಈ ಲೆಕ್ಕವನ್ನು ಇಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಮೂರು ಆಸ್ತಿಗಳನ್ನು ಇಟ್ಟುಕೊಂಡಿದ್ದೇವೆ: ಹಬ್ಬುವಾಡದಲ್ಲಿ ಕೆಳಗೊಂದು ಮೇಲೊಂದು ಬಿಡಾರವಿರುವ ಹಂಚಿನ ಮನೆ, ಕಾಜುಬಾಗದಲ್ಲಿ ಫ್ಲಾಟ್, ಶಿರಸಿ ಪೇಟೆಯಲ್ಲಿ ಅಂಗಡಿ. ಮೊತ್ತಗಳೆಲ್ಲ ಲೆಕ್ಕ ತೋರಿಸಲು ಹಾಕಿದವು.

ಪ್ರತಿ ಮನೆಗೆ ಒಂದೊಂದು ಹಾಳೆ ಮಾಡಬೇಕೇ? ತಿಂಗಳಿಗೊಂದು ಹಾಳೆ ಮಾಡಬೇಕೇ?

ಎರಡೂ ಬೇಡ. ಮನೆಗೊಂದು ಹಾಳೆ ಮಾಡಿದರೆ ಮೊದಲ ಎರಡು ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ಒಂದು ಕಾಲಂ ಹೆಚ್ಚಾಗುತ್ತದೆ, ಇನ್ನೊಂದರಲ್ಲಿ ಸಾಲು ಕೆಳಗೆ ಸರಿಯುತ್ತದೆ, ಒಟ್ಟು ಮಾಡುವ ಸೂತ್ರ ತಪ್ಪು ಜಾಗವನ್ನು ಓದುತ್ತದೆ. ತಿಂಗಳಿಗೊಂದು ಹಾಳೆ ಮಾಡಿದರೆ ವರ್ಷಕ್ಕೆ ಹನ್ನೆರಡು ಹಾಳೆ. ಒಂದು ಮನೆಯ ವರ್ಷದ ರಿಪೇರಿ ಎಷ್ಟೆಂದು ನೋಡಲು ಹನ್ನೆರಡನ್ನೂ ತೆರೆಯಬೇಕು.

ಎಲ್ಲ ಆಸ್ತಿಗಳ ಎಲ್ಲ ಹಣವೂ ಒಂದೇ ಹಾಳೆಗೆ, ಒಂದರ ಕೆಳಗೊಂದು ಸಾಲಾಗಿ ಬರಲಿ. ಅಂಗಡಿಯವರು ಖಾತೆ ಪುಸ್ತಕ ಬರೆಯುವ ಹಾಗೆಯೇ. ಈ ಹಾಳೆಗೆ `Ledger` ಎಂದು ಹೆಸರಿಡಿ. ಕಾಲಂಗಳು ಇವು:

```
A ದಿನಾಂಕ    B ಆಸ್ತಿ    C ಬಿಡಾರ
D ಯಾವ ತಿಂಗಳ ಬಾಡಿಗೆ   E ಬಾಬು
F ಬಂದದ್ದು   G ಹೋದದ್ದು
H ವರ್ಷ      I ಟಿಪ್ಪಣಿ
```

ಒಟ್ಟು ಮಾಡುವ ಕೆಲಸ ಬೇರೆ ಹಾಳೆಯಲ್ಲಿ. `Ledger` ಹಾಳೆಯ ನಡುವೆ ಎಲ್ಲಿಯೂ ಮೊತ್ತದ ಸಾಲು, ಖಾಲಿ ಸಾಲು, ‘ಏಪ್ರಿಲ್ ಮುಗಿಯಿತು’ ಎಂಬ ತಲೆಬರಹ ಹಾಕಬಾರದು. ನಡುವೆ ಹಾಕಿದ ಮೊತ್ತ ಮುಂದಿನ ಒಟ್ಟಿನಲ್ಲಿ ಇನ್ನೊಮ್ಮೆ ಸೇರಿಕೊಳ್ಳುತ್ತದೆ.

ದಿನಾಂಕ ಒಂದು ಸಾಲದೇ? ‘ಯಾವ ತಿಂಗಳ ಬಾಡಿಗೆ’ ಎಂಬ ಕಾಲಂ ಯಾಕೆ?

ಈ ಇಡೀ ಲೆಕ್ಕದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಹಣ ಕೈಗೆ ಬಂದ ದಿನ ಬೇರೆ, ಆ ಹಣ ಯಾವ ತಿಂಗಳಿಗೆ ಸೇರಿದ್ದು ಎಂಬುದು ಬೇರೆ. ಶಿರಸಿ ಅಂಗಡಿಯವರು ಜನವರಿ, ಫೆಬ್ರವರಿ, ಮಾರ್ಚ್ ಮೂರು ತಿಂಗಳ ಬಾಡಿಗೆಯನ್ನು ಅಡಿಕೆ ಹಣ ಬಂದ ಮೇಲೆ ಏಪ್ರಿಲ್ 10ಕ್ಕೆ ಒಟ್ಟಿಗೆ ಕೊಟ್ಟರು ಎನ್ನಿ. ತಿಂಗಳಿಗೆ 14,000ದಂತೆ 42,000 ರೂಪಾಯಿ. ಬರೀ ದಿನಾಂಕ ನೋಡಿ ಕೂಡಿದರೆ ಹಳೆಯ ವರ್ಷದಲ್ಲಿ ಒಂಬತ್ತೇ ತಿಂಗಳ ಬಾಡಿಗೆ, ಹೊಸ ವರ್ಷದಲ್ಲಿ ಹದಿನೈದು ತಿಂಗಳ ಬಾಡಿಗೆ ಕಾಣಿಸುತ್ತದೆ.

ಆದಾಯ ತೆರಿಗೆಯೂ ಇದನ್ನು ಹೀಗೆಯೇ ನೋಡುತ್ತದೆ. ಮನೆ ಬಾಡಿಗೆಯ ಆದಾಯಕ್ಕೆ ಆ ವರ್ಷ ಬಂದದ್ದರ ಜೊತೆಗೆ ಬರಬೇಕಾದದ್ದೂ ಸೇರುತ್ತದೆ. ಆದ್ದರಿಂದ ಮಾರ್ಚ್ ಬಾಡಿಗೆ ಏಪ್ರಿಲ್‌ನಲ್ಲಿ ಬಂದರೂ ಅದು ಮಾರ್ಚ್ ಮುಗಿದ ವರ್ಷದ್ದೇ. ಆದರೆ ನಗರಸಭೆಗೆ ಕಟ್ಟುವ ಮನೆ ತೆರಿಗೆಗೆ ನಿಯಮ ತಿರುಗುಮುರುಗು: ಯಾವ ವರ್ಷದ ತೆರಿಗೆಯೇ ಆಗಿರಲಿ, ಮಾಲೀಕರು ಅದನ್ನು ನಿಜವಾಗಿ ಕಟ್ಟಿದ ವರ್ಷದಲ್ಲಿ ಮಾತ್ರ ಕಳೆಯಬಹುದು. ಅಂದರೆ ಒಂದೇ ಪುಸ್ತಕದಲ್ಲಿ ಬಾಡಿಗೆ ತಿಂಗಳನ್ನು ಹಿಡಿದು ನಡೆಯಬೇಕು, ತೆರಿಗೆ ದಿನಾಂಕವನ್ನು ಹಿಡಿದು ನಡೆಯಬೇಕು.

ಅದಕ್ಕೆ D ಕಾಲಂ ಬಾಡಿಗೆ ಸಾಲಿಗೆ ಮತ್ತು ಮನೆ ಖಾಲಿಯಿದ್ದ ತಿಂಗಳ ಸಾಲಿಗೆ ಮಾತ್ರ ತುಂಬುವಂಥದ್ದು. ಉಳಿದ ಎಲ್ಲ ಸಾಲುಗಳಲ್ಲಿ ಖಾಲಿ ಬಿಡಿ. ಮೇಲಿನ 42,000ವನ್ನು ಒಂದೇ ಸಾಲಾಗಿ ಬರೆಯದೆ ಮೂರು ಸಾಲು ಮಾಡಿ. ಮೂರಕ್ಕೂ ದಿನಾಂಕ ಏಪ್ರಿಲ್ 10, ತಿಂಗಳು ಮಾತ್ರ ಬೇರೆ ಬೇರೆ.

ವರ್ಷ ಏಪ್ರಿಲ್‌ನಿಂದ ಮಾರ್ಚ್ ಅಲ್ಲವೇ? ಅದನ್ನು ಪ್ರತಿ ಸಾಲಿಗೂ ಕೈಯಿಂದ ಬರೆಯಬೇಕೇ?

ಬೇಡ. H2ರಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=IF(A2="","",YEAR(EDATE(IF(D2="",A2,D2),-3)))
```

D ತುಂಬಿದ್ದರೆ ಅದನ್ನು, ಇಲ್ಲದಿದ್ದರೆ A ಯನ್ನು ತೆಗೆದುಕೊಂಡು ಮೂರು ತಿಂಗಳು ಹಿಂದಕ್ಕೆ ಸರಿಸಿ ಅದರ ಇಸವಿ ಕೊಡುತ್ತದೆ. 2026ರ ಮಾರ್ಚ್ ಮೂರು ತಿಂಗಳು ಹಿಂದೆ ಹೋದರೆ 2025ರ ಡಿಸೆಂಬರ್; ಉತ್ತರ 2025. 2026ರ ಏಪ್ರಿಲ್ ಹಿಂದೆ ಹೋದರೆ 2026ರ ಜನವರಿ; ಉತ್ತರ 2026. ಹೀಗೆ 2025 ಎಂದರೆ 2025-26ರ ವರ್ಷ. ‘2025-26’ ಎಂದೇ ಬರೆಯುವುದಕ್ಕಿಂತ ಬರೀ 2025 ಇರುವುದು ಒಳ್ಳೆಯದು, ಅದು ಅಂಕಿಯಾಗಿ ಉಳಿಯುತ್ತದೆ, ಹೋಲಿಕೆಯಲ್ಲಿ ತಕರಾರು ಮಾಡುವುದಿಲ್ಲ.

H ಕಾಲಂನಲ್ಲಿ ಉತ್ತರದ ಬದಲು 1905ರ ಯಾವುದೋ ದಿನಾಂಕ ಕಂಡರೆ ಹೆದರಬೇಡಿ. ಆ ಕಾಲಂನ ಫಾರ್ಮ್ಯಾಟ್ ದಿನಾಂಕವಾಗಿದೆ ಅಷ್ಟೆ. ಅದನ್ನು ಸಂಖ್ಯೆ ಎಂದು ಬದಲಾಯಿಸಿ.

3 ಏಪ್ರಿಲ್ ಎಂದು ಹಾಕಿದ್ದು ಹಿಂದಿನ ವರ್ಷಕ್ಕೆ ಹೋಗಿದೆ. ಸೂತ್ರ ತಪ್ಪೇ?

ಸೂತ್ರ ಸರಿಯಿದೆ, ದಿನಾಂಕ ತಿರುವುಮುರುವಾಗಿದೆ. ಶೀಟಿನ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಎಂಬ ಸೆಟ್ಟಿಂಗ್, ಅಮೆರಿಕ ಎಂದಿದ್ದರೆ 03/04/2025 ಎಂದು ಬರೆದದ್ದನ್ನು ಅದು ಮಾರ್ಚ್ 4 ಎಂದು ಓದುತ್ತದೆ. ಮಾರ್ಚ್ ಹಿಂದಿನ ವರ್ಷಕ್ಕೆ ಸೇರಿದ್ದಾದ್ದರಿಂದ ಏಪ್ರಿಲ್‌ನಲ್ಲಿ ಕಟ್ಟಿದ ಮನೆ ತೆರಿಗೆ ಸದ್ದಿಲ್ಲದೆ ಹಿಂದಕ್ಕೆ ಹೋಗಿ ಕೂರುತ್ತದೆ. 25/06/2025 ಎಂದು ಹಾಕಿದರೆ ಇನ್ನೊಂದು ಬಗೆ: 25ನೇ ತಿಂಗಳು ಇಲ್ಲದ್ದರಿಂದ ಶೀಟ್ ಅದನ್ನು ದಿನಾಂಕವೆಂದೇ ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ, H ನಲ್ಲಿ `#VALUE!` ಬರುತ್ತದೆ. ಇದು ವಾಸಿ, ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಬೀಳುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ `File > Settings > Locale` ಗೆ ಹೋಗಿ `India` ಆರಿಸಿ. ಮೊದಲ ಸಾಲು ಬರೆಯುವ ಮುಂಚೆಯೇ ಇದನ್ನು ಮಾಡಿ. ಈಗಾಗಲೇ ತಪ್ಪಾಗಿ ಕೂತ ದಿನಾಂಕಗಳು ಲೊಕೇಲ್ ಬದಲಿಸಿದ ಮಾತ್ರಕ್ಕೆ ಸರಿಯಾಗುವುದಿಲ್ಲ, ಒಂದೊಂದನ್ನೂ ತಿದ್ದಬೇಕು. ಗುರುತು ಹಿಡಿಯುವುದು ಹೀಗೆ: ನಿಜವಾದ ದಿನಾಂಕ ಚೌಕದ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. A ಕಾಲಂಗೆ ತಿಂಗಳ ಹೆಸರು ಕಾಣುವ ಫಾರ್ಮ್ಯಾಟ್ (`dd-mmm-yyyy`) ಕೊಟ್ಟರೆ ಮಾರ್ಚ್ ಆಗಿ ಹೋದ ಏಪ್ರಿಲ್ ಬರೆಯುವಾಗಲೇ ಕಾಣುತ್ತದೆ.

D ಕಾಲಂನಲ್ಲಿ ಯಾವಾಗಲೂ ಆ ತಿಂಗಳ ಒಂದನೇ ತಾರೀಕನ್ನೇ ಹಾಕಿ, ಜೂನ್ ಬಾಡಿಗೆಗೆ 01/06/2025 ಎಂದು. ‘ಜೂನ್’ ಎಂದು ಬರೆದರೆ ಅದು ಯಾವ ವರ್ಷದ ಜೂನ್ ಎಂದು ಶೀಟಿಗೆ ತಿಳಿಯದು.

ಆಸ್ತಿಯ ಹೆಸರನ್ನು ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು, ಆದರೆ ಚಿಕ್ಕ ಇಂಗ್ಲಿಷ್ ಸಂಕೇತ ಇಟ್ಟರೆ ಸುಖ: `HBW`, `KJB`, `SRS`. ಒಂದು ಸಾಲಿನಲ್ಲಿ ‘ಹಬ್ಬುವಾಡ’, ಇನ್ನೊಂದರಲ್ಲಿ ‘ಹಬ್ಬುವಾಡಾ’ ಎಂದಾದರೆ ಶೀಟಿಗೆ ಅವು ಎರಡು ಬೇರೆ ಆಸ್ತಿಗಳು. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಸೇರಿದರೂ ಸಾಕು, ಆ ಸಾಲು ವರ್ಷದ ಮೊತ್ತದಿಂದ ಹೊರಗೆ ಬೀಳುತ್ತದೆ.

B, C, E ಮೂರೂ ಕಾಲಂಗಳಿಗೆ ಡ್ರಾಪ್‌ಡೌನ್ ಹಾಕಿ (`Data > Data validation`), ಪಟ್ಟಿಯಲ್ಲಿಲ್ಲದ್ದನ್ನು ತಿರಸ್ಕರಿಸಲು ಹೇಳಿ. ಆಗ ಯಾರು ಬರೆದರೂ, ಮೊಬೈಲಿನಿಂದ ಬರೆದರೂ, ಒಂದೇ ಅಕ್ಷರ ಬರುತ್ತದೆ. ಬಾಬುಗಳು ಹತ್ತರ ಒಳಗಿರಲಿ: ಬಾಡಿಗೆ, ಅಡ್ವಾನ್ಸ್, ಮನೆ ತೆರಿಗೆ, ರಿಪೇರಿ, ಕರೆಂಟ್, ಸೊಸೈಟಿ, ಕಮಿಷನ್, ಸಾಲದ ಬಡ್ಡಿ, ಖಾಲಿ, ಇತರ. ಹಂಚಿಗೆ ಬೇರೆ, ಪೇಂಟಿಗೆ ಬೇರೆ, ಪ್ಲಂಬರಿಗೆ ಬೇರೆ ಬಾಬು ಮಾಡಲು ಹೋದರೆ ಆರು ತಿಂಗಳಲ್ಲಿ ಯಾವುದನ್ನು ಎಲ್ಲಿ ಹಾಕಿದೆವೆಂದು ಮರೆಯುತ್ತದೆ. ಆ ವಿವರ ಟಿಪ್ಪಣಿಗೆ ಸಾಕು.

ಅಡ್ವಾನ್ಸ್ ಆದಾಯವೇ? ಬಾಡಿಗೆದಾರರು ಬಿಟ್ಟು ಹೋಗುವಾಗ ಅದರಲ್ಲಿ ಮುರಿದುಕೊಂಡದ್ದನ್ನು ಹೇಗೆ ಬರೆಯುವುದು?

ಹಿಂದಿರುಗಿಸಬೇಕಾದ ಅಡ್ವಾನ್ಸ್ ಆದಾಯವಲ್ಲ, ನಿಮ್ಮ ಹತ್ತಿರ ಇರುವ ಅವರ ಹಣ. ಅದಕ್ಕೇ ಬೇರೆ ಬಾಬು. ಬಾಡಿಗೆಯ ಜೊತೆ ಸೇರಿಸಿದರೆ ಬಂದ ವರ್ಷ ಆದಾಯ ಉಬ್ಬುತ್ತದೆ, ಕೊಟ್ಟ ವರ್ಷ ಕುಸಿಯುತ್ತದೆ.

ಮುರಿದುಕೊಳ್ಳುವಾಗ ಮಾಡುವ ತಪ್ಪು ಎಂದರೆ ಕೈಯಿಂದ ಹೋದ ಮೊತ್ತವನ್ನಷ್ಟೇ ಬರೆಯುವುದು. ಹಬ್ಬುವಾಡದ ಮೇಲಿನ ಬಿಡಾರದವರ ಅಡ್ವಾನ್ಸ್ 50,000. ಜೂನ್ ಕೊನೆಗೆ ಬಿಟ್ಟರು. ಜೂನ್ ಬಾಡಿಗೆ 8,000 ಮತ್ತು ಕರೆಂಟ್ ಬಿಲ್ 640 ಬಾಕಿಯಿತ್ತು. ನೀವು ಅವರಿಗೆ ಕಳಿಸಿದ್ದು 41,360. ಇದನ್ನು ಮೂರು ಸಾಲಾಗಿ ಬರೆಯಬೇಕು, `U` ಎಂದರೆ ಮೇಲಿನ ಬಿಡಾರ:

```
30-06-2025 HBW U 01-06-2025 ಬಾಡಿಗೆ    ಬಂದದ್ದು  8,000
30-06-2025 HBW U            ಕರೆಂಟ್     ಬಂದದ್ದು    640
30-06-2025 HBW U            ಅಡ್ವಾನ್ಸ್   ಹೋದದ್ದು 50,000
```

ಬಂದದ್ದು 8,640, ಹೋದದ್ದು 50,000. ವ್ಯತ್ಯಾಸ 41,360, ಬ್ಯಾಂಕ್ ಖಾತೆಯಲ್ಲಿ ಕಾಣುವುದೂ ಅದೇ. ಬರೀ 41,360 ಎಂದು ಒಂದೇ ಸಾಲು ಬರೆದರೆ ಜೂನ್ ಬಾಡಿಗೆ ಎಂದೆಂದಿಗೂ ಬಾಕಿಯೆಂದೇ ತೋರುತ್ತದೆ, ಹೋದವರ 8,640 ರೂಪಾಯಿ ಅಡ್ವಾನ್ಸ್ ನಿಮ್ಮ ಹತ್ತಿರ ಉಳಿದಂತೆಯೂ ತೋರುತ್ತದೆ. ಯಾವ ಬಿಡಾರದ ಅಡ್ವಾನ್ಸ್ ಎಷ್ಟಿದೆ ಎಂದು ನೋಡಲು ಆ ಬಾಬಿನ F ಒಟ್ಟಿನಿಂದ G ಒಟ್ಟನ್ನು ಕಳೆಯಿರಿ. ಇಲ್ಲಿ ವರ್ಷದ ಷರತ್ತು ಹಾಕಬಾರದು, ಅಡ್ವಾನ್ಸ್ ಐದು ವರ್ಷ ಹಳೆಯದಿರಬಹುದು.

ಹೆಸ್ಕಾಂ ಬಿಲ್ ನಾವೇ ಕಟ್ಟಿ ಆಮೇಲೆ ಬಾಡಿಗೆದಾರರಿಂದ ತೆಗೆದುಕೊಳ್ಳುತ್ತೇವೆ. ಇದು ಖರ್ಚೇ, ಆದಾಯವೇ?

ಎರಡನ್ನೂ ‘ಕರೆಂಟ್’ ಬಾಬಿನಲ್ಲೇ ಬರೆಯಿರಿ. ಕಟ್ಟಿದ್ದು G ಗೆ, ಅವರು ಕೊಟ್ಟದ್ದು F ಗೆ. ವರ್ಷದ ಕೊನೆಗೆ ಉಳಿಯುವ ವ್ಯತ್ಯಾಸ ನಿಮ್ಮ ತಲೆಯ ಮೇಲೆ ಬಿದ್ದ ಭಾಗ, ಸಾಮಾನ್ಯವಾಗಿ ಬಾವಿ ಪಂಪು ಮತ್ತು ಮೆಟ್ಟಿಲ ದೀಪದ್ದು. ಬಾಡಿಗೆ ಮತ್ತು ಕರೆಂಟ್ ಹಣ ಒಂದೇ ಯುಪಿಐ ಪಾವತಿಯಲ್ಲಿ 9,720 ಎಂದು ಬಂದರೆ 9,000 ಒಂದು ಸಾಲು, 720 ಇನ್ನೊಂದು ಸಾಲು.

ಆಸ್ತಿವಾರು ವರ್ಷದ ಮೊತ್ತ ಹೇಗೆ ತೆಗೆಯುವುದು?

`Year` ಎಂಬ ಹಾಳೆ ಮಾಡಿ. B1ರಲ್ಲಿ 2025 ಎಂದು ಬರೆಯಿರಿ. A4ರಿಂದ ಕೆಳಗೆ ಆಸ್ತಿ ಸಂಕೇತಗಳು, ಮೂರನೇ ಸಾಲಿನಲ್ಲಿ B3ರಿಂದ ಬಲಕ್ಕೆ ಬಾಬುಗಳು, ಮೊದಲನೆಯದು ಬಾಡಿಗೆ. ಅಡ್ವಾನ್ಸ್ ಇಲ್ಲಿ ಬೇಡ. B4ರಲ್ಲಿ:

```
=SUMIFS(Ledger!$F:$F,Ledger!$B:$B,$A4,
 Ledger!$E:$E,B$3,Ledger!$H:$H,$B$1)
```

C4ರಿಂದ ಖರ್ಚಿನ ಬಾಬುಗಳು. ಅಲ್ಲಿ ಇದೇ ಸೂತ್ರವನ್ನು `$G:$G` ಹಾಕಿ ಬರೆದು, ಅದರಿಂದ `$F:$F` ಇರುವ ಸೂತ್ರವನ್ನು ಕಳೆಯಿರಿ; ಎರಡರಲ್ಲೂ `B$3` ಬದಲು `C$3` ಇರಲಿ. ಆಗ ಕರೆಂಟ್ ಹಿಂದಿರುಗಿ ಬಂದದ್ದೂ, ಅಂಗಡಿಗೆ ವಾಪಸ್ ಕೊಟ್ಟ ಪೇಂಟಿನ ಹಣವೂ ತಾನಾಗಿ ತಗ್ಗುತ್ತದೆ. `$` ಗುರುತುಗಳನ್ನು ಬಿಡಬೇಡಿ. `$A4` ನಲ್ಲಿ ಡಾಲರ್ ಬಿಟ್ಟುಹೋದರೆ ಬಲಕ್ಕೆ ಎಳೆದಾಗ ಆಸ್ತಿಯ ಸಂಕೇತದ ಬದಲು ಪಕ್ಕದ ಮೊತ್ತವನ್ನು ಹುಡುಕಲು ಹೊರಟು ಎಲ್ಲ ಕಡೆ ಸೊನ್ನೆ ಬರುತ್ತದೆ.

ಒಂದು ಮನೆಯ ಪೂರ್ತಿ ವರ್ಷದ ಲೆಕ್ಕ ತೋರಿಸುತ್ತೀರಾ?

ಹಬ್ಬುವಾಡದ ಮನೆ, 2025-26. ಕೆಳಗಿನ ಬಿಡಾರ ತಿಂಗಳಿಗೆ 9,000ದಂತೆ ಹನ್ನೆರಡು ತಿಂಗಳು, 1,08,000. ಮೇಲಿನದು ಏಪ್ರಿಲ್‌ನಿಂದ ಜೂನ್‌ವರೆಗೆ 8,000, ಮೂರು ತಿಂಗಳಿಗೆ 24,000. ಜುಲೈ, ಆಗಸ್ಟ್ ಖಾಲಿ. ಆ ಮಳೆಯಲ್ಲಿ ಮನೆ ಹುಡುಕಿಕೊಂಡು ಬರುವವರು ಕಡಿಮೆ. ಸೆಪ್ಟೆಂಬರ್‌ನಿಂದ ಹೊಸಬರು 8,500ಕ್ಕೆ, ಏಳು ತಿಂಗಳಿಗೆ 59,500. ಒಟ್ಟು ಬಾಡಿಗೆ 1,91,500.

ಖರ್ಚು: ಮನೆ ತೆರಿಗೆ 4,200. ಮಳೆಗೆ ಮುಂಚೆ ಒಡೆದ ಹಂಚು, ಲಡ್ಡಾದ ರೀಪು ಬದಲಿಸಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳಿಗೆ ಬಣ್ಣ ಹೊಡೆಸಿದ್ದು 38,600. ಪಂಪಿನ ಮೋಟರ್ ರಿವೈಂಡಿಂಗ್ 3,400. ಹೊಸ ಬಾಡಿಗೆದಾರರನ್ನು ತಂದವರಿಗೆ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ 8,500. ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 1,36,800.

ಆದಾಯ ತೆರಿಗೆಯ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. 1,91,500ರಲ್ಲಿ ಕಟ್ಟಿದ ಮನೆ ತೆರಿಗೆ ಕಳೆದು 1,87,300. ಅದರಲ್ಲಿ 30%, ಅಂದರೆ 56,190, ನೀವು ರಿಪೇರಿಗೆ ಎಷ್ಟೇ ಖರ್ಚು ಮಾಡಿದ್ದರೂ ಮಾಡದಿದ್ದರೂ ಕಳೆಯುತ್ತಾರೆ. ಉಳಿದದ್ದು 1,31,110. ಹಂಚಿನ ಬಿಲ್ಲಾಗಲಿ ಕಮಿಷನ್ನಾಗಲಿ ಇದರ ಮೇಲೆ ಮತ್ತೆ ಕಳೆಯಲು ಬರುವುದಿಲ್ಲ. ಸಾಲವಿದ್ದರೆ ಅದರ ಬಡ್ಡಿ ಮಾತ್ರ ಬೇರೆ.

ರಿಪೇರಿ ಬಿಲ್ಲಿನಿಂದ ತೆರಿಗೆ ಕಡಿಮೆಯಾಗದಿದ್ದರೆ ಅದನ್ನೆಲ್ಲ ಬರೆದಿಟ್ಟು ಏನು ಪ್ರಯೋಜನ?

ಯಾವ ಆಸ್ತಿ ನಿಜವಾಗಿ ದುಡಿಯುತ್ತಿದೆ ಎಂಬುದು ಅದರಿಂದಲೇ ತಿಳಿಯುವುದು. ಕಾಜುಬಾಗದ ಫ್ಲಾಟ್ ನೋಡಿ: ತಿಂಗಳಿಗೆ 12,000, ವರ್ಷಕ್ಕೆ 1,44,000. ಮನೆ ತೆರಿಗೆ 3,000, ಸೊಸೈಟಿಗೆ ತಿಂಗಳಿಗೆ 1,500ರಂತೆ 18,000. ಉಳಿದದ್ದು 1,23,000. ಬಾಡಿಗೆ ನೋಡಿದರೆ ಹಬ್ಬುವಾಡದ ಮನೆ 47,500 ಮುಂದಿದೆ. ಕೈಗೆ ಸಿಕ್ಕಿದ್ದು ನೋಡಿದರೆ ಬರೀ 13,800. ನೂರು ರೂಪಾಯಿ ಬಾಡಿಗೆಯಲ್ಲಿ ಫ್ಲಾಟ್ ಸುಮಾರು 85 ಉಳಿಸಿತು, ಹಂಚಿನ ಮನೆ 71.

ಆದರೆ ಒಂದೇ ವರ್ಷ ನೋಡಿ ತೀರ್ಮಾನಿಸಬೇಡಿ. ರೀಪು ಪ್ರತಿ ವರ್ಷ ಬದಲಿಸುವಂಥದ್ದಲ್ಲ. `Year` ಹಾಳೆಯನ್ನು ಮೂರು ವರ್ಷಕ್ಕೆ ಮೂರು ಸಲ ನಕಲು ಮಾಡಿ, B1ರಲ್ಲಿ 2023, 2024, 2025 ಎಂದು ಹಾಕಿ ಪಕ್ಕಪಕ್ಕ ಇಟ್ಟು ನೋಡಬೇಕು.

ಹೊಸ ಕೋಣೆ ಕಟ್ಟಿಸಿದ್ದು, ಹಂಚು ತೆಗೆದು ಸ್ಲ್ಯಾಬ್ ಹಾಕಿಸಿದ್ದು ರಿಪೇರಿಯಲ್ಲ. ಅದನ್ನು ‘ಇತರ’ಕ್ಕೆ ಹಾಕಿ, ಟಿಪ್ಪಣಿಯಲ್ಲಿ ಬರೆದು, ಬಿಲ್ಲನ್ನು ಆಸ್ತಿ ಪತ್ರದ ಜೊತೆಗೇ ಇಡಿ. ಮುಂದೆ ಮಾರುವಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಬೇಕಾಗುವುದು ಆ ಬಿಲ್ಲೇ.

ಸೊನ್ನೆ ಕಂಡರೆ ಖಾಲಿಯಿತ್ತೇ, ಬಾಕಿಯಿದೆಯೇ ಎಂದು ಹೇಗೆ ತಿಳಿಯುವುದು?

ಖಾಲಿಯಿದ್ದ ತಿಂಗಳಿಗೂ ಒಂದು ಸಾಲು ಬರೆಯಿರಿ: ಬಾಬು ‘ಖಾಲಿ’, ತಿಂಗಳು ತುಂಬಿ, ಮೊತ್ತ 0. ಆಗ ಬಾಡಿಗೆ ಸಾಲೂ ಇಲ್ಲ, ಖಾಲಿ ಸಾಲೂ ಇಲ್ಲ ಎಂದಾದರೆ ಅದು ಬಾಕಿಯೇ. ನೋಡಲು `Grid` ಎಂಬ ಹಾಳೆ: A3ರಿಂದ ಕೆಳಗೆ ತಿಂಗಳ ಒಂದನೇ ತಾರೀಕುಗಳು, B1ರಿಂದ ಬಲಕ್ಕೆ ಆಸ್ತಿ, ಅದರ ಕೆಳಗೆ B2ರಿಂದ ಬಿಡಾರ. B3ರಲ್ಲಿ:

```
=COUNTIFS(Ledger!$B:$B,B$1,Ledger!$C:$C,B$2,
 Ledger!$D:$D,$A3)
```

ಸೊನ್ನೆ ಇರುವ ಚೌಕ ಕೆಂಪಾಗಲಿ ಎಂದು ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ. ಇದು ನಡೆಯಬೇಕಾದರೆ ಫ್ಲಾಟಿಗೂ ಅಂಗಡಿಗೂ C ಕಾಲಂನಲ್ಲಿ ಏನಾದರೊಂದು ಇರಲೇಬೇಕು, `M` ಎಂದಾದರೂ ಸರಿ. ಅರ್ಧ ಬಾಡಿಗೆ ಕೊಟ್ಟ ತಿಂಗಳು ಇಲ್ಲಿ ಕೆಂಪಾಗುವುದಿಲ್ಲ, ಹಾಗಾಗಿ ಕಂತಿನಲ್ಲಿ ಕೊಡುವವರಿದ್ದರೆ ಪಕ್ಕದಲ್ಲಿ ಇದೇ ಷರತ್ತುಗಳ `SUMIFS` ಕೂಡ ಬೇಕು.

ವರ್ಷ ಮುಗಿದ ಮೇಲೂ ಕೆಂಪಾಗಿ ಉಳಿದ ತಿಂಗಳುಗಳ ಪಟ್ಟಿಯನ್ನು ನಿಮ್ಮ ತೆರಿಗೆ ಸಲಹೆಗಾರರಿಗೆ ಬೇರೆಯಾಗಿ ಕೊಡಿ. ಬಾಕಿ ಬಾಡಿಗೆಯೂ ಬರಬೇಕಾದ ಆದಾಯವೇ. ವಸೂಲಾಗದ್ದನ್ನು ಬಿಡಲು ಬಾಡಿಗೆದಾರರು ಮನೆ ಬಿಟ್ಟಿರಬೇಕು ಅಥವಾ ಬಿಡಿಸಲು ಕ್ರಮ ನಡೆದಿರಬೇಕು ಎಂಬಂಥ ಷರತ್ತುಗಳಿವೆ.

ಕಂಪನಿಗೆ ಗೆಸ್ಟ್ ಹೌಸಿಗೆಂದು ಕೊಟ್ಟಿದ್ದೇವೆ, ಟಿಡಿಎಸ್ ಮುರಿದು ಕಳಿಸುತ್ತಾರೆ. ಯಾವ ಮೊತ್ತ ಬರೆಯಬೇಕು?

ಮುರಿಯುವ ಮೊದಲಿನ ಪೂರ್ತಿ ಬಾಡಿಗೆ. 60,000 ಬಾಡಿಗೆಗೆ 10% ಮುರಿದು 54,000 ಬಂದರೆ, ಬಾಡಿಗೆ ಬಂದದ್ದು 60,000 ಒಂದು ಸಾಲು, ಡ್ರಾಪ್‌ಡೌನ್ ಪಟ್ಟಿಗೆ ‘ಟಿಡಿಎಸ್’ ಎಂಬ ಬಾಬು ಸೇರಿಸಿಕೊಂಡು ಅದರಲ್ಲಿ ಹೋದದ್ದು 6,000 ಇನ್ನೊಂದು ಸಾಲು. ಇದು ಖರ್ಚಲ್ಲ, ನಿಮ್ಮ ಹೆಸರಿನಲ್ಲಿ ಮೊದಲೇ ಕಟ್ಟಿದ ತೆರಿಗೆ, ಆದ್ದರಿಂದ `Year` ಹಾಳೆಯ ಖರ್ಚಿನಲ್ಲಿ ಸೇರಿಸಬೇಡಿ.

ಎರಡು ಆಸ್ತಿಗೆ ಸೇರಿದ ಒಂದೇ ಖರ್ಚು ಬಂದರೆ?

ಬರೆಯುವಾಗಲೇ ಎರಡು ಸಾಲು ಮಾಡಿ ಹಂಚಿಬಿಡಿ. ‘ಸಾಮಾನ್ಯ’ ಎಂಬ ಆಸ್ತಿ ಮಾಡಿಕೊಂಡು ಆಮೇಲೆ ಹಂಚೋಣ ಎಂದರೆ ಆ ಆಮೇಲೆ ಬರುವುದೇ ಇಲ್ಲ.

ಶಿರಸಿ ಜಾತ್ರೆಯಲ್ಲಿ ಅಂಗಡಿ ಮುಂದಿನ ಜಾಗವನ್ನು ಕೆಲವು ದಿನಕ್ಕೆ ಕೊಟ್ಟರೆ ಬಂದ ಹಣ ಬಾಡಿಗೆಗೆ ಸೇರಿಸಬೇಕೇ?

‘ಇತರ’ಕ್ಕೆ ಹಾಕಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ, ಬಾಡಿಗೆಯಲ್ಲಿ ಸೇರಿದರೆ ಜಾತ್ರೆಯಿಲ್ಲದ ವರ್ಷ ಅಂಗಡಿಯ ಬಾಡಿಗೆ ಇಳಿದಂತೆ ಕಾಣುತ್ತದೆ. ಖರ್ಚಿನ ಸೂತ್ರದಲ್ಲಿ F ಕಳೆಯುವುದರಿಂದ ಈ ಹಣ ಆ ಕಾಲಂನಲ್ಲಿ ಋಣ ಸಂಖ್ಯೆಯಾಗಿ ಬರುತ್ತದೆ, ಅದು ತಪ್ಪಲ್ಲ.

ಮೊತ್ತ ಸರಿಯಿದೆಯೆಂದು ನಂಬುವುದು ಹೇಗೆ?

ಎರಡು ಚೌಕಗಳನ್ನು `Year` ಹಾಳೆಯ ತಲೆಯಲ್ಲೇ ಇಡಿ. ಎರಡೂ ಸೊನ್ನೆ ತೋರಿಸಬೇಕು:

```
=SUMIFS(Ledger!F:F,Ledger!E:E,"ಬಾಡಿಗೆ",
 Ledger!H:H,B1)-SUM(B4:B6)
=SUMPRODUCT(--ISERROR(Ledger!H2:H2000))
```

ಮೊದಲನೆಯದರಲ್ಲಿ ಸೊನ್ನೆಯಲ್ಲದ ಅಂಕಿ ಬಂದರೆ ಯಾವುದೋ ಬಾಡಿಗೆ ಸಾಲಿನ ಆಸ್ತಿ ಸಂಕೇತ ಪಟ್ಟಿಯಲ್ಲಿಲ್ಲ. ಆ ಅಂಕಿಯೇ ತಪ್ಪಿದ ಬಾಡಿಗೆಯ ಮೊತ್ತವಾಗಿರುವುದರಿಂದ ಹುಡುಕುವುದು ಸುಲಭ. ಎರಡನೆಯದು ಕೆಟ್ಟ ದಿನಾಂಕಗಳನ್ನು ಎಣಿಸುತ್ತದೆ. ಇದು ಬೇರೆಯಾಗಿಯೇ ಬೇಕು, ಏಕೆಂದರೆ ವರ್ಷ ಸಿಗದ ಸಾಲನ್ನು `SUMIFS` ಎರಡೂ ಕಡೆ ಬಿಟ್ಟುಬಿಡುತ್ತದೆ, ಮೊದಲ ಚೌಕ ಏನೂ ಆಗಿಲ್ಲವೆಂಬಂತೆ ಸೊನ್ನೆಯನ್ನೇ ತೋರಿಸುತ್ತದೆ.

ಏಪ್ರಿಲ್ 1ಕ್ಕೆ ಹೊಸ ಫೈಲ್ ಶುರುಮಾಡಬೇಕೇ?

ಬೇಡ, ಅದೇ `Ledger` ಮುಂದುವರಿಯಲಿ. ಹೊಸ ಫೈಲ್ ಮಾಡಿದರೆ ಏಪ್ರಿಲ್‌ನಲ್ಲಿ ಬರುವ ಮಾರ್ಚ್ ಬಾಡಿಗೆಯನ್ನು ಯಾವ ಫೈಲಿಗೆ ಬರೆಯುವುದೆಂಬ ಗೊಂದಲ ಮತ್ತೆ ಬರುತ್ತದೆ. `Year` ಹಾಳೆಯ ಒಂದು ನಕಲು ತೆಗೆದು B1ರಲ್ಲಿ 2026 ಎಂದು ಬರೆದರೆ ಹೊಸ ವರ್ಷದ ಕಾಲಂಗಳು ಸಿದ್ಧ. ಹಳೆಯ ವರ್ಷದ ಹಾಳೆಯನ್ನು ರಿಟರ್ನ್ ಸಲ್ಲಿಸಿದ ದಿನ ಪಿಡಿಎಫ್ ಮಾಡಿ ತೆಗೆದಿಡಿ. ಆಮೇಲೆ ಯಾರಾದರೂ ಹಳೆಯ ಸಾಲನ್ನು ತಿದ್ದಿದರೆ ಯಾವ ಅಂಕಿ ಬದಲಾಯಿತೆಂದು ಅದರ ಜೊತೆ ಹೋಲಿಸಿ ಹೇಳಬಹುದು.